ನಿರ್ಬಂಧಕಾಜ್ಞೆ: ತಾತ್ಕಾಲಿಕ ಯಾವುದು, ಶಾಶ್ವತ ಯಾವುದು?

ಇಂಥ ಕೆಲಸವನ್ನು ಮಾಡಕೂಡದು ಎಂದಾಗಲಿ, ಮಾಡಿದ್ದನ್ನು ತೆಗೆದು ಮೊದಲಿನಂತೆ ಮಾಡಿಕೊಡಬೇಕು ಎಂದಾಗಲಿ ಸಿವಿಲ್ ನ್ಯಾಯಾಲಯವು ದಾವೆಯ ಪಕ್ಷಕಾರನೊಬ್ಬನಿಗೆ ವಿಧಿಸುವ ಆಜ್ಞೆಯೇ ನಿರ್ಬಂಧಕಾಜ್ಞೆ. ಕೋರ್ಟಿನ ಆವರಣದಲ್ಲಿ ಇದನ್ನು ‘ಇಂಜಂಕ್ಷನ್’ ಎಂದೇ ಕರೆಯುತ್ತಾರೆ. ಹೊರಗಿನ ಜನ ‘ಸ್ಟೇ ತಂದಿದ್ದಾನೆ’ ಎನ್ನುವುದೂ ಬಹಳಷ್ಟು ಸಲ ಇದನ್ನು ಕುರಿತೇ ಆದರೂ, ಕಟ್ಟುನಿಟ್ಟಾಗಿ ಹೇಳುವುದಾದರೆ ಸ್ಟೇ ಎಂಬುದು ಒಂದು ತೀರ್ಪಿನ ಅಥವಾ ಆದೇಶದ ಜಾರಿಯನ್ನು ತಡೆಹಿಡಿಯುವಂಥದ್ದು. ನಿರ್ಬಂಧಕಾಜ್ಞೆ ವ್ಯಕ್ತಿಯ ಕೈಯನ್ನೇ ಕಟ್ಟುವಂಥದ್ದು.

ಭಾರತದಲ್ಲಿ ಶಾಶ್ವತ ನಿರ್ಬಂಧಕಾಜ್ಞೆಯ ನಿಯಮಗಳು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದಲ್ಲಿವೆ. ತಾತ್ಕಾಲಿಕ ನಿರ್ಬಂಧಕಾಜ್ಞೆಯನ್ನು ಕೊಡುವ ಕ್ರಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ‘39ನೇ ಆದೇಶ’ ಎಂಬ ಭಾಗದಲ್ಲಿದೆ. ಎರಡೂ ಒಂದೇ ಆಜ್ಞೆಯ ಚಿಕ್ಕ ಮತ್ತು ದೊಡ್ಡ ರೂಪಗಳೆಂದು ತಿಳಿಯುವುದು ತಪ್ಪು. ಹಕ್ಕು ಯಾರದು ಎಂಬ ಪ್ರಶ್ನೆಗೆ ವಿಚಾರಣೆಯೆಲ್ಲ ಮುಗಿದ ಮೇಲೆ ಬರುವ ಉತ್ತರದ ಭಾಗ ಶಾಶ್ವತ ಆಜ್ಞೆ. ಆ ಉತ್ತರ ಬರುವವರೆಗಿನ ಅವಧಿಯಲ್ಲಿ ಆಸ್ತಿ ಯಾವ ಸ್ಥಿತಿಯಲ್ಲಿರಬೇಕು ಎಂಬುದಷ್ಟೇ ತಾತ್ಕಾಲಿಕ ಆಜ್ಞೆಯ ವಿಷಯ.

ಒಂದು ಕಲ್ಪಿತ ಪ್ರಕರಣವನ್ನು ಹಿಡಿದು ಇದನ್ನು ನೋಡೋಣ. ಎರಡು ಮನೆಗಳ ನಡುವೆ ಐದು ಅಡಿ ಅಗಲದ ಓಣಿಯೊಂದಿದ್ದು, ವಾದಿಯು ತನ್ನ ಹಿತ್ತಿಲಿಗೆ ಅದರ ಮೂಲಕವೇ ಹೋಗಿಬರುತ್ತಿದ್ದಾನೆ. ಓಣಿಯೂ ತನ್ನ ನಿವೇಶನದ ಒಳಗೇ ಬರುತ್ತದೆ ಎನ್ನುವ ಪಕ್ಕದ ಮನೆಯವನು ಒಂದು ಶನಿವಾರ ಸಂಜೆ ಕಲ್ಲು, ಜಲ್ಲಿ ಇಳಿಸಿ, ಅಡಿಪಾಯಕ್ಕೆ ಸುಣ್ಣದ ಗೆರೆ ಎಳೆಸುತ್ತಾನೆ. ಸೋಮವಾರ ವಾದಿಯು ದಾವೆ ಹೂಡುತ್ತಾನೆ. ದಾವಾಪತ್ರದಲ್ಲಿ ಅವನು ಕೇಳುವುದು ಶಾಶ್ವತ ನಿರ್ಬಂಧಕಾಜ್ಞೆಯನ್ನು. ಅದರ ಜೊತೆಗೇ, 39ನೇ ಆದೇಶದ 1 ಮತ್ತು 2ನೇ ನಿಯಮಗಳ ಅಡಿ, ಪ್ರಮಾಣಪತ್ರ ಸಹಿತವಾದ ಮಧ್ಯಂತರ ಅರ್ಜಿಯೊಂದನ್ನು ಸಲ್ಲಿಸಿ, ದಾವೆ ಇತ್ಯರ್ಥವಾಗುವವರೆಗೆ ಪ್ರತಿವಾದಿಯು ಓಣಿಯಲ್ಲಿ ಏನನ್ನೂ ಕಟ್ಟದಂತೆ ತಡೆಯಬೇಕೆಂದು ಬೇಡುತ್ತಾನೆ. ದಾವಾಪತ್ರದ ಷೆಡ್ಯೂಲಿನಲ್ಲಿ ಓಣಿಯ ಉದ್ದ, ಅಗಲ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇರಬೇಕು. ಒಂದು ಕೈನಕ್ಷೆಯೂ ಇದ್ದರೆ ಒಳ್ಳೆಯದು. ‘ವಾದಿಯ ಜಾಗಕ್ಕೆ ತೊಂದರೆ ಕೊಡಬಾರದು’ ಎಂಬಂಥ ಸಡಿಲ ಆಜ್ಞೆ ಸಿಕ್ಕಿ ಪ್ರಯೋಜನವಿಲ್ಲ. ನಾಳೆ ಪ್ರತಿವಾದಿ ಅದನ್ನು ಮೀರಿದನೇ ಇಲ್ಲವೇ ಎಂದು ಅಳೆಯಲು ಅದರಲ್ಲಿ ಗೆರೆಯೇ ಇರುವುದಿಲ್ಲ.

ಎದುರುಪಕ್ಷಕ್ಕೆ ನೋಟೀಸು ಕೊಟ್ಟು, ಅವರ ಮಾತನ್ನೂ ಕೇಳಿಯೇ ಇಂಥ ಅರ್ಜಿಯನ್ನು ತೀರ್ಮಾನಿಸಬೇಕೆಂಬುದು 3ನೇ ನಿಯಮ. ಆದರೆ ನೋಟೀಸು ತಲುಪುವಷ್ಟರಲ್ಲಿ ಗೋಡೆ ಎದ್ದುಬಿಟ್ಟರೆ ಅರ್ಜಿಗೆ ಅರ್ಥವೇ ಉಳಿಯುವುದಿಲ್ಲ. ವಿಳಂಬದಿಂದ ಉದ್ದೇಶವೇ ಕೆಡುತ್ತದೆ ಎಂದು ಕಂಡಾಗ, ಕಾರಣಗಳನ್ನು ಬರೆದು, ನ್ಯಾಯಾಧೀಶರು ಏಕಪಕ್ಷೀಯವಾಗಿಯೇ ಆಜ್ಞೆ ನೀಡಬಹುದು. ಹಾಗೆ ಪಡೆದವನು ಅರ್ಜಿ, ಪ್ರಮಾಣಪತ್ರ, ದಾವಾಪತ್ರ ಮತ್ತು ತಾನು ನೆಚ್ಚಿದ ದಾಖಲೆಗಳ ಪ್ರತಿಗಳನ್ನು ಕೂಡಲೇ ಎದುರುಪಕ್ಷಕ್ಕೆ ತಲುಪಿಸಬೇಕು ಅಥವಾ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು. ಕಳುಹಿಸಿರುವುದಾಗಿ ಅದೇ ದಿನ ಅಥವಾ ಮರುದಿನ ಪ್ರಮಾಣಪತ್ರ ಹಾಕಬೇಕು. ಏಕಪಕ್ಷೀಯ ಆಜ್ಞೆ ಕೊಟ್ಟ ನ್ಯಾಯಾಲಯವು 30 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಯತ್ನಿಸಬೇಕು, ಆಗದಿದ್ದರೆ ಕಾರಣ ದಾಖಲಿಸಬೇಕು ಎಂದು 3ಎ ನಿಯಮ ಹೇಳುತ್ತದೆ. ಆಚರಣೆಯಲ್ಲಿ ಮಾತ್ರ ಆಜ್ಞೆಯು ‘ಮುಂದಿನ ದಿನಾಂಕದವರೆಗೆ ವಿಸ್ತರಿಸಲಾಗಿದೆ’ ಎಂಬ ಒಂದು ಸಾಲಿನ ಬಲದ ಮೇಲೆ ಈ ಅವಧಿಯನ್ನು ದಾಟಿ ನಡೆಯುವುದು ಅಪರೂಪವಲ್ಲ. ಇಡೀ ವ್ಯವಸ್ಥೆಯ ದುರ್ಬಲ ಜಾಗ ಇದೇ ಎಂದು ನನಗನ್ನಿಸುತ್ತದೆ, ಏಕೆಂದರೆ ಒಬ್ಬನ ಮಾತನ್ನಷ್ಟೇ ಕೇಳಿ ಕೊಟ್ಟ ತಡೆಯು ಹೀಗೆ ಎಳೆದಾಡಿದರೆ, ದಾವೆ ಸೋಲುವವನೂ ಕಾಲವನ್ನು ಗೆದ್ದುಕೊಳ್ಳುತ್ತಾನೆ.

ಎರಡೂ ಕಡೆಯವರು ಹಾಜರಾದ ಮೇಲೆ ನ್ಯಾಯಾಲಯ ಮೂರು ಸಂಗತಿಗಳನ್ನು ನೋಡುತ್ತದೆ. ದಲ್ಪತ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಇವನ್ನು ಬಿಡಿಸಿ ಹೇಳಿದೆ. ಮೊದಲನೆಯದು, ಮೇಲ್ನೋಟಕ್ಕೆ ವಾದಿಯ ಬಳಿ ವಿಚಾರಣೆಗೆ ಯೋಗ್ಯವಾದ ಪ್ರಕರಣವಿದೆಯೇ ಎಂಬುದು. ಇಲ್ಲಿ ಹಕ್ಕನ್ನು ಸಾಬೀತುಪಡಿಸಬೇಕಾಗಿಲ್ಲ. ನಮ್ಮ ಪ್ರಕರಣದಲ್ಲಿ ಪ್ರತಿವಾದಿಯು ತನ್ನ ಕ್ರಯಪತ್ರ ಹಾಜರುಪಡಿಸಿ, ಪೂರ್ವ ಪಶ್ಚಿಮ 40 ಅಡಿ ಎಂದು ಅದರಲ್ಲಿ ಬರೆದಿದೆ, ಅಳೆದರೆ ಓಣಿ ಸೇರಿಯೇ 40 ಅಡಿ ಬರುತ್ತದೆ ಎನ್ನುತ್ತಾನೆ. ವಾದಿಯ ವಕೀಲರು ಅದೇ ಪತ್ರದ ಚೆಕ್ಕುಬಂದಿಯತ್ತ ಬೊಟ್ಟು ಮಾಡುತ್ತಾರೆ: ‘ಪಶ್ಚಿಮಕ್ಕೆ: ಓಣಿ’. ಓಣಿಯೇ ಗಡಿಯಾಗಿದ್ದರೆ ಅದು ನಿವೇಶನದ ಒಳಗೆ ಹೇಗೆ ಬಂತು? ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಗೇ ಹೆಚ್ಚು ಬೆಲೆ. ಪೂರ್ತಿ ಉತ್ತರ ಸಾಕ್ಷ್ಯದಲ್ಲಿ ಬರಬೇಕಾದರೂ, ಮೊದಲ ಪ್ರಶ್ನೆಗೆ ವಾದಿಯ ಕಡೆ ಇಷ್ಟು ಸಾಕು.

ಎರಡನೆಯದು, ತಡೆ ಸಿಗದಿದ್ದರೆ ವಾದಿಗೆ ಹಣದಿಂದ ತುಂಬಿಕೊಡಲಾಗದಂಥ ಹಾನಿ ಆಗುತ್ತದೆಯೇ ಎಂಬುದು. ಬರೀ ದೊಡ್ಡ ನಷ್ಟವಾದರೆ ಸಾಲದು. ಸಾಲದ ಬಾಕಿಯಂತೆ ಲೆಕ್ಕ ಹಾಕಿ ವಸೂಲು ಮಾಡಬಹುದಾದ ನಷ್ಟಕ್ಕೆ ಎಷ್ಟೇ ಮೊತ್ತವಾದರೂ ಈ ಆಜ್ಞೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಿತ್ತಿಲಿಗೆ ಇರುವ ಒಂದೇ ದಾರಿ ಮುಚ್ಚಿಹೋಗುವುದು ಬೇರೆ ಬಗೆಯ ಹಾನಿ. ಮೂರನೆಯದು ಅನುಕೂಲ ಮತ್ತು ಅನನುಕೂಲಗಳ ತೂಕ. ತಡೆ ಕೊಟ್ಟು, ಕೊನೆಗೆ ವಾದಿ ಸೋತರೆ ಪ್ರತಿವಾದಿಗೆ ಆಗುವುದು ಗೋಡೆ ಕಟ್ಟಲು ತಡವಾದದ್ದಷ್ಟೇ. ತಡೆ ಕೊಡದೆ, ಕೊನೆಗೆ ವಾದಿ ಗೆದ್ದರೆ ಎದ್ದ ಗೋಡೆಯನ್ನು ಕೆಡವಬೇಕು, ಅಷ್ಟು ವರ್ಷ ದಾರಿಯೂ ಇರುವುದಿಲ್ಲ. ಯಾರು ಸರಿ ಎಂದು ಇನ್ನೂ ತಿಳಿಯದ ಹೊತ್ತಿನಲ್ಲಿ ಯಾವ ತಪ್ಪು ಕಡಿಮೆ ನೋವಿನದು ಎಂದು ನ್ಯಾಯಾಧೀಶರು ತೂಗುತ್ತಾರೆ.

ಈ ಮೂರೂ ವಾದಿಯ ಪರವಾಗಿದ್ದರೂ ಅವನ ನಡತೆಯೇ ಅರ್ಜಿಯನ್ನು ಕೆಡಿಸಬಹುದು. ಹಿತ್ತಿಲಿಗೆ ಹಿಂದಿನ ಬೀದಿಯಿಂದ ಇನ್ನೊಂದು ಗೇಟು ಇದ್ದು, ಪ್ರಮಾಣಪತ್ರದಲ್ಲಿ ಮಾತ್ರ ‘ಇದೊಂದೇ ದಾರಿ’ ಎಂದು ಬರೆದಿದ್ದಾನೆಂದು ಇಟ್ಟುಕೊಳ್ಳಿ. ಪ್ರತಿವಾದಿ ಆ ಗೇಟಿನ ಫೋಟೊ ತಂದು ತೋರಿಸುತ್ತಾನೆ. ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ ಪಡೆದ ಏಕಪಕ್ಷೀಯ ಆಜ್ಞೆಯನ್ನು ನ್ಯಾಯಾಲಯವು, ನ್ಯಾಯದ ಹಿತದೃಷ್ಟಿಯಿಂದ ಹಾಗೆ ತೆಗೆದುಹಾಕುವ ಅಗತ್ಯವಿಲ್ಲವೆಂದು ಕಾರಣ ಬರೆಯದ ಹೊರತು, ತೆರವುಗೊಳಿಸಲೇಬೇಕು ಎಂದು 4ನೇ ನಿಯಮ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಆಜ್ಞೆ ಪಡೆದವನಿಂದ ಎದುರುಪಕ್ಷಕ್ಕೆ 50,000 ರೂಪಾಯಿ ಮೀರದಂತೆ ಪರಿಹಾರ ಕೊಡಿಸಲು ಸಂಹಿತೆಯ 95ನೇ ಕಲಮಿನಲ್ಲಿ ಅವಕಾಶವಿದೆ.

ಇಲ್ಲಿಯವರೆಗೆ ನೋಡಿದ್ದು ಸುಮ್ಮನಿರಿಸುವ ಆಜ್ಞೆ. ವಾದಿ ಸೋಮವಾರ ಕೋರ್ಟಿಗೆ ಬರುವ ಮೊದಲೇ, ಭಾನುವಾರವಿಡೀ ಕೆಲಸ ಮಾಡಿಸಿ ಪ್ರತಿವಾದಿಯು ಓಣಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದ್ದರೆ? ಕಟ್ಟಬೇಡ ಎನ್ನುವುದಕ್ಕೆ ಆಗ ಅರ್ಥವಿಲ್ಲ, ಕೆಡವು ಎನ್ನಬೇಕಾಗುತ್ತದೆ. ಒಂದು ಕೆಲಸವನ್ನು ಮಾಡಲೇಬೇಕೆಂದು ವಿಧಿಸುವ ಇಂಥ ಆಜ್ಞೆಯನ್ನು ಆದೇಶಾತ್ಮಕ ನಿರ್ಬಂಧಕಾಜ್ಞೆ ಎನ್ನುತ್ತಾರೆ. ಅದರ ಮೂಲ 1963ರ ಅಧಿನಿಯಮದ 39ನೇ ಕಲಮು. ತೀರ್ಪಿನಲ್ಲಿ ಇದನ್ನು ಕೊಡುವುದು ಸಹಜ. ವಿಚಾರಣೆಗೆ ಮುಂಚೆಯೇ ಕೊಡುವುದಕ್ಕೆ ನ್ಯಾಯಾಲಯಗಳು ಹಿಂಜರಿಯುತ್ತವೆ, ಏಕೆಂದರೆ ಅದು ಕೇಳಿದ್ದನ್ನೆಲ್ಲ ಮೊದಲ ದಿನವೇ ಕೊಟ್ಟಂತಾಗುತ್ತದೆ. ದೊರಾಬ್ ಕವಾಸ್‌ಜಿ ವಾರ್ಡನ್ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್, ಮೇಲ್ನೋಟದ ಪ್ರಕರಣಕ್ಕಿಂತ ಬಲವಾದ ಪ್ರಕರಣವಿದ್ದಾಗ, ವಿವಾದ ಹುಟ್ಟುವ ಮುಂಚಿನ ಕೊನೆಯ ನಿರ್ವಿವಾದ ಸ್ಥಿತಿಯನ್ನು ಮರಳಿ ತರುವುದಕ್ಕೆ ಇಂಥ ಮಧ್ಯಂತರ ಆಜ್ಞೆಯನ್ನು ಕೊಡಬಹುದು ಎಂದಿತು. ಕೋರ್ಟು ರಜೆಯಿರುವ ದಿನ ನೋಡಿ ಎಬ್ಬಿಸಿದ ಗೋಡೆ ಈ ಮಾತಿಗೆ ಹೊಂದುತ್ತದೆ. ಎರಡು ವರ್ಷದ ಹಿಂದೆ ಕಣ್ಣೆದುರೇ ಎದ್ದ ಗೋಡೆ ಹೊಂದುವುದಿಲ್ಲ. ಸುಮ್ಮನೆ ನೋಡುತ್ತಾ ಕುಳಿತವನಿಗೆ ಆತುರವಿತ್ತು ಎಂದು ನಂಬುವುದು ಕಷ್ಟ.

ಇನ್ನು ಶಾಶ್ವತ ಆಜ್ಞೆ. ಸಾಕ್ಷಿಗಳ ವಿಚಾರಣೆ, ಪಾಟೀಸವಾಲು, ವಾದಗಳೆಲ್ಲ ಮುಗಿದು ದಾವೆಯ ಗುಣಾವಗುಣಗಳ ಮೇಲೆ ಡಿಕ್ರಿಯಾಗುವಾಗ ಮಾತ್ರ ಅದು ಹುಟ್ಟುತ್ತದೆ. ಮೇಲ್ನೋಟದ ಮಾತು ಅಲ್ಲಿ ನಡೆಯುವುದಿಲ್ಲ. ತಾತ್ಕಾಲಿಕ ತಡೆ ಸಿಕ್ಕಿತ್ತು ಎಂಬುದು ವಾದಿಗೆ ಸಾಕ್ಷ್ಯವೂ ಆಗುವುದಿಲ್ಲ. ಬಹಳ ದಾವೆಗಳು ಎಡವುವ ಕಲ್ಲೊಂದು ಇಲ್ಲಿದೆ. ಸ್ವಾಧೀನವನ್ನಷ್ಟೇ ಕಾಪಾಡಿಕೊಳ್ಳಬೇಕಾದಾಗ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಕು. ಪ್ರತಿವಾದಿಯು ಹಕ್ಕನ್ನೇ ಗಂಭೀರವಾಗಿ ಅಲ್ಲಗಳೆದು ಅದರ ಮೇಲೆ ಮೋಡ ಕವಿದಂತೆ ಮಾಡಿದರೆ, ಹಕ್ಕು ಘೋಷಣೆಯನ್ನೂ ಸೇರಿಸಿ ಕೇಳಬೇಕೆಂದು 2008ರ ಅನತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ನಮ್ಮ ಪ್ರತಿವಾದಿಯು ಓಣಿಯೇ ತನ್ನದು ಎಂದು ಲಿಖಿತ ಹೇಳಿಕೆ ಹಾಕಿದ್ದಾನೆ. ಹಾಗಾಗಿ ದಾರಿಯ ಹಕ್ಕು ತನಗಿದೆ ಎಂಬ ಘೋಷಣೆಯನ್ನು ತಿದ್ದುಪಡಿಯ ಮೂಲಕವಾದರೂ ದಾವಾಪತ್ರದಲ್ಲಿ ಸೇರಿಸಿಕೊಳ್ಳದಿದ್ದರೆ, ಮಧ್ಯಂತರ ಅರ್ಜಿಯಲ್ಲಿ ಗೆದ್ದ ವಾದಿಯೇ ದಾವೆಯಲ್ಲಿ ಸೋಲಬಹುದು.

ಆಜ್ಞೆಯನ್ನು ಮೀರಿದವನಿಗೆ ಆಗುವುದೂ ಎರಡರಲ್ಲಿ ಬೇರೆ ಬೇರೆ. ತಾತ್ಕಾಲಿಕ ಆಜ್ಞೆ ಮೀರಿದರೆ 39ನೇ ಆದೇಶದ 2ಎ ನಿಯಮದಂತೆ ಅವನ ಆಸ್ತಿಯನ್ನು ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂದೀಖಾನೆಗೆ ಕಳುಹಿಸಬಹುದು. ಆದರೆ ಅವನಿಗೆ ಆಜ್ಞೆ ತಿಳಿದಿತ್ತೆಂದೂ ತಿಳಿದೇ ಮೀರಿದನೆಂದೂ ಅರ್ಜಿದಾರ ತೋರಿಸಬೇಕು. ಶಾಶ್ವತ ಆಜ್ಞೆಯಾದರೆ 21ನೇ ಆದೇಶದ 32ನೇ ನಿಯಮದಡಿ ಡಿಕ್ರಿಯ ಅಮಲ್ಜಾರಿಗೆ ಹೋಗಬೇಕು. ಮಾಡಬಾರದು ಎಂಬ ಡಿಕ್ರಿಯ ಅಮಲ್ಜಾರಿಗೆ ಕಾಲಮಿತಿಯಿಲ್ಲ, ಇಪ್ಪತ್ತು ವರ್ಷದ ನಂತರ ಮೀರಿದರೂ ಅರ್ಜಿ ಹಾಕಬಹುದು. ಗೋಡೆ ಕೆಡವು ಎಂಬಂಥ ಡಿಕ್ರಿಗೆ ಮಾತ್ರ ಮೂರು ವರ್ಷದ ಮಿತಿಯಿದೆ, ಅದನ್ನು ಮರೆತು ಕುಳಿತರೆ ಗೆದ್ದ ಡಿಕ್ರಿ ಕಾಗದವಾಗಿ ಉಳಿಯುತ್ತದೆ.

ದಾವೆ ಮುಗಿದ ದಿನವೇ ತಾತ್ಕಾಲಿಕ ಆಜ್ಞೆಯ ಆಯುಸ್ಸೂ ಮುಗಿಯುತ್ತದೆ. ದಾವೆ ವಜಾ ಆಗಿ ವಾದಿಯು ಮೇಲ್ಮನವಿ ಹೋದರೆ ಹಳೆಯ ತಡೆ ತಾನಾಗಿ ಮುಂದುವರಿಯುವುದಿಲ್ಲ. ಮೇಲ್ಮನವಿ ನ್ಯಾಯಾಲಯದಲ್ಲಿ ಹೊಸದಾಗಿ ಅರ್ಜಿ ಹಾಕಿ, ಈ ಸಲ ತನ್ನ ವಿರುದ್ಧವಾಗಿರುವ ತೀರ್ಪನ್ನು ಎದುರಿಗಿಟ್ಟುಕೊಂಡು, ಅದೇ ಮೂರು ಪ್ರಶ್ನೆಗಳಿಗೆ ಅವನು ಉತ್ತರ ಹೇಳಬೇಕಾಗುತ್ತದೆ.