ಎರಡು ಡಯೋಡ್ ಜೋಡಿಸಿದರೆ ಟ್ರಾನ್ಸಿಸ್ಟರ್ ಆಗುತ್ತಾ? ವೈವಾದಲ್ಲಿ ಏನು ಹೇಳಬೇಕು?

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ಟ್ರಾನ್ಸಿಸ್ಟರ್‌ನಲ್ಲಿ ಎರಡು ಜಂಕ್ಷನ್ ಇರುತ್ತವೆ ಎಂದು ಹೇಳಿದ ಕೂಡಲೇ ಪರೀಕ್ಷಕರು, "ಹಾಗಾದರೆ ಎರಡು ಡಯೋಡ್ ಜೋಡಿಸಿ ಟ್ರಾನ್ಸಿಸ್ಟರ್ ಮಾಡಬಹುದಲ್ಲ?" ಎಂದು ಕೇಳುತ್ತಾರಂತೆ. ಆಗಲ್ಲ ಎಂದು ಗೊತ್ತು. ಆದರೆ ಯಾಕೆ ಆಗಲ್ಲ ಎಂದು ವಿವರಿಸಲು ಬರುತ್ತಿಲ್ಲ.

ಉತ್ತರ: ಈ ಒಂದು ಪ್ರಶ್ನೆಯನ್ನು ಚೆನ್ನಾಗಿ ತಿಳಿದುಕೊಂಡರೆ ವೈವಾದ ಇನ್ನೂ ಹಲವು ಪ್ರಶ್ನೆಗಳಿಗೆ ಉತ್ತರ ಸಿಕ್ಕಿಬಿಡುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಈ ಅನುಮಾನ ಹುಟ್ಟುವುದೇ ಮಲ್ಟಿಮೀಟರ್‌ನಿಂದ. ಮೀಟರನ್ನು ಡಯೋಡ್ ಟೆಸ್ಟ್‌ಗೆ ಇಟ್ಟು, ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಕೆಂಪು ತುದಿ, ಎಮಿಟರ್‌ಗೆ ಕಪ್ಪು ತುದಿ ಹಿಡಿಯಿರಿ. ಸುಮಾರು 0.6ರಿಂದ 0.7 ವೋಲ್ಟ್ ತೋರಿಸುತ್ತದೆ. ಕಪ್ಪು ತುದಿಯನ್ನು ಕಲೆಕ್ಟರ್‌ಗೆ ಸರಿಸಿದರೂ ಹೆಚ್ಚು ಕಡಿಮೆ ಅಷ್ಟೇ. ತುದಿಗಳನ್ನು ಅದಲು ಬದಲು ಮಾಡಿದರೆ ಏನೂ ಬರುವುದಿಲ್ಲ. ಎರಡು ಸಿಲಿಕಾನ್ ಡಯೋಡ್‌ಗಳ ಆನೋಡ್ ಸೇರಿಸಿ ಇದೇ ಪರೀಕ್ಷೆ ಮಾಡಿದರೂ ಇಂಥದೇ ರೀಡಿಂಗ್ ಬರುತ್ತದೆ. ಅಂದರೆ ಮೀಟರ್ ಹೇಳುವುದು ಜಂಕ್ಷನ್‌ಗಳು ಸುಟ್ಟಿಲ್ಲ ಎಂದಷ್ಟೇ. ವರ್ಧನೆ ಆಗುತ್ತದೋ ಇಲ್ಲವೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಈಗ ಎರಡನ್ನೂ ಕಾಮನ್ ಎಮಿಟರ್ ಸರ್ಕ್ಯೂಟಿಗೆ ಹಾಕಿದ್ದೀರಿ ಎಂದುಕೊಳ್ಳಿ. ಬೇಸ್‌ಗೆ 40 ಮೈಕ್ರೊಆಂಪಿಯರ್, ಕಲೆಕ್ಟರ್‌ಗೆ 5 ವೋಲ್ಟ್. ಟ್ರಾನ್ಸಿಸ್ಟರ್ ಇದ್ದರೆ ಕಲೆಕ್ಟರ್ ಮೀಟರ್ 4 ಮಿಲಿಆಂಪಿಯರ್ ಆಸುಪಾಸು ತೋರಿಸಬಹುದು. ಡಯೋಡ್ ಜೋಡಿಯಲ್ಲಿ ಅದೇ ಮೀಟರಿನ ಮುಳ್ಳು ಕದಲುವುದೇ ಇಲ್ಲ. ಬೇಸ್‌ಗೆ ಕೊಟ್ಟ ಕರೆಂಟ್ ಅಷ್ಟೂ ಎಮಿಟರ್ ಕಡೆಯ ಡಯೋಡ್‌ನಲ್ಲಿ ಹೋಗಿಬಿಡುತ್ತದೆ. ಕಲೆಕ್ಟರ್ ಕಡೆಯ ಡಯೋಡ್ ರಿವರ್ಸ್ ಬಯಾಸ್‌ನಲ್ಲಿದೆ, ಅದು ಸುಮ್ನೆ ಮುಚ್ಚಿಕೊಂಡು ಕೂರುತ್ತದೆ.

ವ್ಯತ್ಯಾಸ ಇರುವುದು ಬೇಸ್‌ನ ದಪ್ಪದಲ್ಲಿ. ಎನ್‌ಪಿಎನ್‌ನಲ್ಲಿ ಎಮಿಟರ್‌ನಿಂದ ಎಲೆಕ್ಟ್ರಾನ್‌ಗಳು ಬೇಸ್‌ಗೆ ನುಗ್ಗುತ್ತವೆ. ಬೇಸ್ ಪಿ ವಸ್ತು, ಅಲ್ಲಿ ಹೋಲ್‌ಗಳಿವೆ. ಸಮಯ ಸಿಕ್ಕರೆ ಎಲೆಕ್ಟ್ರಾನ್ ಒಂದು ಹೋಲ್ ಜೊತೆ ಸೇರಿ ಮುಗಿದುಹೋಗುತ್ತದೆ. ಆದರೆ ಬೇಸ್ ತುಂಬ ತೆಳು, ಒಂದು ಮೈಕ್ರೊಮೀಟರ್ ಆಸುಪಾಸು ಅಥವಾ ಇನ್ನೂ ಕಡಿಮೆ. ಜೊತೆಗೆ ಅದರ ಡೋಪಿಂಗ್ ಎಮಿಟರ್‌ಗಿಂತ ಬಹಳ ಕಡಿಮೆ. ಹಾಗಾಗಿ ಹೆಚ್ಚಿನ ಎಲೆಕ್ಟ್ರಾನ್‌ಗಳು ಹೋಲ್ ಸಿಗುವ ಮೊದಲೇ ಆಚೆ ದಡದ ಕಲೆಕ್ಟರ್ ಜಂಕ್ಷನ್ ತಲುಪಿಬಿಡುತ್ತವೆ. ಅಲ್ಲಿನ ವಿದ್ಯುತ್ ಕ್ಷೇತ್ರ ಅವನ್ನು ಕಲೆಕ್ಟರ್‌ಗೆ ಎಳೆದುಕೊಳ್ಳುತ್ತದೆ.

ಡಯೋಡ್ ಜೋಡಿಯಲ್ಲಿ ಎರಡು ಪಿ ಭಾಗಗಳ ನಡುವೆ ಲೋಹದ ತಂತಿ ಇದೆ. ಮೊದಲ ಡಯೋಡ್‌ನ ಪಿ ಭಾಗಕ್ಕೆ ಬಂದ ಎಲೆಕ್ಟ್ರಾನ್‌ಗಳು ಅಲ್ಲೇ, ಅಥವಾ ಲೋಹ ಸೇರುವ ಜಾಗದಲ್ಲಿ ಹೋಲ್‌ಗಳ ಜೊತೆ ಸೇರಿಹೋಗುತ್ತವೆ. ಎರಡನೇ ಜಂಕ್ಷನ್‌ವರೆಗೆ ಒಂದೂ ಬರುವುದಿಲ್ಲ. ವೈವಾದಲ್ಲಿ ಇಷ್ಟು ಹೇಳಿದರೆ ಸಾಕು: "ಎರಡು ಜಂಕ್ಷನ್ ಇದ್ದರೆ ಸಾಲದು ಸರ್, ಅವೆರಡೂ ಒಂದೇ ತೆಳುವಾದ ಬೇಸ್ ಹಂಚಿಕೊಂಡಿರಬೇಕು."

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಹುತೇಕ ಹೀಗಿರುತ್ತದೆ: "ಕಲೆಕ್ಟರ್ ಜಂಕ್ಷನ್ ರಿವರ್ಸ್ ಬಯಾಸ್‌ನಲ್ಲಿದೆ ಅಂತೀರಿ, ಮತ್ತೆ ಅಷ್ಟೊಂದು ಕರೆಂಟ್ ಹೇಗೆ ಹರಿಯುತ್ತದೆ?" ನನಗೆ ಇದು ಇಡೀ ವೈವಾದ ಅತ್ಯುತ್ತಮ ಪ್ರಶ್ನೆ ಎನಿಸುತ್ತದೆ. ಏಕೆಂದರೆ ಡಯೋಡ್ ನಿಜವಾಗಿ ಅರ್ಥವಾಗಿದೆಯೇ ಎಂಬುದು ಇಲ್ಲಿ ತಿಳಿದುಬಿಡುತ್ತದೆ. ರಿವರ್ಸ್ ಬಯಾಸ್ ತಡೆಯುವುದು ಬಹುಸಂಖ್ಯಾತ ವಾಹಕಗಳನ್ನು ಮಾತ್ರ. ಅಲ್ಪಸಂಖ್ಯಾತ ವಾಹಕಗಳಿಗೆ ಅದು ಅಡ್ಡಿ ಮಾಡುವುದಿಲ್ಲ, ದಾಟಲು ನೆರವಾಗುತ್ತದೆ. ಸಾಮಾನ್ಯ ಡಯೋಡ್‌ನಲ್ಲಿ ಅಲ್ಪಸಂಖ್ಯಾತ ವಾಹಕಗಳೇ ಕಡಿಮೆ, ಆದ್ದರಿಂದ ರಿವರ್ಸ್ ಕರೆಂಟ್ ಕೂಡ ತೀರ ಕಡಿಮೆ. ಟ್ರಾನ್ಸಿಸ್ಟರ್‌ನ ಬೇಸ್‌ನಲ್ಲಿ ಎಲೆಕ್ಟ್ರಾನ್‌ಗಳು ಅಲ್ಪಸಂಖ್ಯಾತರು, ಆದರೆ ಎಮಿಟರ್ ಅವನ್ನು ರಾಶಿ ರಾಶಿ ತಂದು ಸುರಿಯುತ್ತಿದೆ. ಬಂದಷ್ಟೂ ಕಲೆಕ್ಟರ್‌ಗೆ ದಾಟುತ್ತವೆ.

ಇದನ್ನೇ ನಿಮ್ಮ ರೀಡಿಂಗ್‌ಗಳಲ್ಲೂ ತೋರಿಸಬಹುದು. ಕಲೆಕ್ಟರ್ ವೋಲ್ಟೇಜ್ 5 ವೋಲ್ಟ್‌ನಲ್ಲಿ ನಿಂತಿದೆ. ಬೇಸ್ ಕರೆಂಟ್ 20 ಮೈಕ್ರೊಆಂಪಿಯರ್ ಇದ್ದಾಗ ಕಲೆಕ್ಟರ್ ಕರೆಂಟ್ 2.1 ಮಿಲಿಆಂಪಿಯರ್, 40 ಇದ್ದಾಗ 4.3 ಮಿಲಿಆಂಪಿಯರ್ ಬಂತು ಎಂದುಕೊಳ್ಳಿ.

```
β = ΔIC / ΔIB = 2.2 mA / 20 µA = 2200 / 20 = 110
α = β / (1 + β) = 110 / 111 ≈ 0.99
```

ಆಲ್ಫಾ 0.99 ಎಂದರೆ ಎಮಿಟರ್ ಕರೆಂಟಿನ ನೂರರಲ್ಲಿ 99 ಪಾಲು ಕಲೆಕ್ಟರ್‌ಗೆ ತಲುಪಿದೆ. ಉಳಿದ ಒಂದು ಪಾಲನ್ನು ತುಂಬಿಕೊಡುವುದೇ ಬೇಸ್ ಕರೆಂಟ್. ಇಲ್ಲಿ ಜಾಸ್ತಿ ಜನ ಎಡವುವುದು ಯೂನಿಟ್‌ನಲ್ಲಿ. ಮಿಲಿಯನ್ನು ಮೈಕ್ರೊಗೆ ಬದಲಿಸದೆ 2.2ನ್ನು 20ರಿಂದ ಭಾಗಿಸಿ 0.11 ಎಂದು ಬರೆದುಬಿಡುತ್ತಾರೆ. ಬೀಟಾ ಒಂದಕ್ಕಿಂತ ಕಡಿಮೆ ಬಂದರೆ ಮೊದಲು ಯೂನಿಟ್ ನೋಡಿ.

ಯೂನಿಟ್ ಸರಿಯಿದ್ದೂ ಬೀಟಾ ತೀರ ಕಡಿಮೆ ಬರುತ್ತಿದ್ದರೆ? ಎಮಿಟರ್ ಮತ್ತು ಕಲೆಕ್ಟರ್ ಕಾಲುಗಳು ಅದಲು ಬದಲಾಗಿರಬಹುದು. "ಎರಡೂ ಎನ್ ಭಾಗವೇ ಅಲ್ವಾ, ಬದಲಿಸಿದರೆ ಏನು?" ಎಂದೂ ಕೇಳುತ್ತಾರೆ. ಎಮಿಟರ್‌ನಲ್ಲಿ ಡೋಪಿಂಗ್ ಬಹಳ ಜಾಸ್ತಿ. ಕಲೆಕ್ಟರ್‌ನಲ್ಲಿ ಅಷ್ಟಿಲ್ಲ, ಆದರೆ ಅದು ಅಗಲವಾಗಿದೆ. ತಿರುಗಿಸಿ ಹಾಕಿದರೂ ಟ್ರಾನ್ಸಿಸ್ಟರ್ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ವರ್ಧನೆ ತುಂಬ ಬಿದ್ದುಹೋಗುತ್ತದೆ. ಇನ್ನೊಂದು ಅಪಾಯವೂ ಇದೆ. ಬೇಸ್-ಎಮಿಟರ್ ಜಂಕ್ಷನ್ ಹೆಚ್ಚು ರಿವರ್ಸ್ ವೋಲ್ಟೇಜ್ ತಡೆಯುವುದಿಲ್ಲ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಸಿಗುವ BC547ಗೆ ಆ ಮಿತಿ 6 ವೋಲ್ಟ್. ಅದನ್ನು ಮೀರಿದರೆ ಜಂಕ್ಷನ್ ಬ್ರೇಕ್‌ಡೌನ್ ಆಗಿ ಕರೆಂಟ್ ದಿಢೀರನೆ ಏರಬಹುದು. ಹಾಗೆ ಕಂಡರೆ ಸಪ್ಲೈ ಆಫ್ ಮಾಡಿ ಕಾಲುಗಳನ್ನು ಪರೀಕ್ಷಿಸಿ. ಡಯೋಡ್ ಟೆಸ್ಟ್‌ನಲ್ಲಿ ಬೇಸ್-ಎಮಿಟರ್ ರೀಡಿಂಗ್ ಸಾಮಾನ್ಯವಾಗಿ ಬೇಸ್-ಕಲೆಕ್ಟರ್‌ಗಿಂತ ಕೆಲವು ಮಿಲಿವೋಲ್ಟ್ ಹೆಚ್ಚಿರುತ್ತದೆ. ಕಾಲು ಗುರುತಿಸಲು ಇದೇ ಸುಳಿವು.

ಕೊನೆಗೆ ಪರೀಕ್ಷಕರು ನೀವು ಬರೆದ ಕಲೆಕ್ಟರ್ ವೋಲ್ಟೇಜ್-ಕಲೆಕ್ಟರ್ ಕರೆಂಟ್ ಗ್ರಾಫ್ ಕೈಗೆ ತೆಗೆದುಕೊಂಡು, "ಈ ರೇಖೆ ಪೂರ್ತಿ ಸಮತಟ್ಟಾಗಿಲ್ಲ, ಯಾಕೆ ಸ್ವಲ್ಪ ಮೇಲೇರುತ್ತಿದೆ?" ಎಂದು ಕೇಳಬಹುದು. ರೀಡಿಂಗ್ ತಪ್ಪಾಯಿತು ಎಂದು ಗಾಬರಿಯಿಂದ ಒಪ್ಪಿಕೊಳ್ಳಬೇಡಿ. ಕಲೆಕ್ಟರ್ ವೋಲ್ಟೇಜ್ ಏರಿಸಿದಂತೆ ಆ ಜಂಕ್ಷನ್‌ನ ಡಿಪ್ಲೀಷನ್ ಪದರ ಅಗಲವಾಗಿ ಬೇಸ್‌ನೊಳಕ್ಕೂ ಸರಿಯುತ್ತದೆ. ಬೇಸ್ ಇನ್ನಷ್ಟು ತೆಳುವಾಗುತ್ತದೆ, ಕಲೆಕ್ಟರ್ ಕರೆಂಟ್ ಸ್ವಲ್ಪ ಏರುತ್ತದೆ. ಇದನ್ನು 1952ರಲ್ಲಿ ವಿವರಿಸಿದ ಜೇಮ್ಸ್ ಅರ್ಲಿ ಅವರ ಹೆಸರಿನಲ್ಲೇ ಅರ್ಲಿ ಪರಿಣಾಮ ಎನ್ನುತ್ತಾರೆ. ಆದರೆ ಹೀಗೆ ಹೇಳುವ ಮೊದಲು ಒಂದು ಖಾತ್ರಿ ಇರಬೇಕು: ಕಲೆಕ್ಟರ್ ವೋಲ್ಟೇಜ್ ಬದಲಿಸಿದಾಗಲೆಲ್ಲ ಬೇಸ್ ಕರೆಂಟ್ ಸ್ವಲ್ಪ ಸರಿಯಬಹುದು. ಪ್ರತಿ ರೀಡಿಂಗ್‌ಗೂ ಅದನ್ನು ಮತ್ತೆ 40ಕ್ಕೆ ತಂದು ನಿಲ್ಲಿಸಿದ್ದರೆ ಮಾತ್ರ ಆ ಏರಿಕೆ ಅರ್ಲಿ ಪರಿಣಾಮದ್ದು ಎನ್ನಬಹುದು.