ಗುಜರಿಯ ಹಣ: ಇತರೆ ಆದಾಯವೋ, ಉತ್ಪಾದನಾ ವೆಚ್ಚದ ಕಡಿತವೋ?

ವೆಚ್ಚ ಲೆಕ್ಕ ಕಲಿಯುವಾಗ ಈ ಪ್ರಶ್ನೆಯನ್ನು ನಾವು ಒಂದೇ ಪ್ರಶ್ನೆಯೆಂದು ಓದಿಕೊಳ್ಳುತ್ತೇವೆ. ವಾಸ್ತವದಲ್ಲಿ ಇದರೊಳಗೆ ಎರಡು ಪ್ರಶ್ನೆಗಳಿವೆ: ಗುಜರಿ ಮಾರಿದ ಹಣವನ್ನು ಲಾಭ-ನಷ್ಟ ಪಟ್ಟಿಯ ಯಾವ ಸಾಲಿನಲ್ಲಿ ತೋರಿಸಬೇಕು ಎಂಬುದು ಒಂದು, ಉಳಿದ ಸರಕಿನ ಬೆಲೆ ಕಟ್ಟುವಾಗ ಆ ಹಣವನ್ನು ಕಳೆಯಬೇಕೇ ಎಂಬುದು ಇನ್ನೊಂದು. ಲಾಭದ ಮೊತ್ತವನ್ನು ಬದಲಿಸುವುದು ಎರಡನೆಯದು.

ಪೀಣ್ಯದಲ್ಲಿ ಕಾಣಸಿಗುವಂಥ ಒಂದು ಪ್ರೆಸ್ ಶಾಪನ್ನು ಊಹಿಸಿಕೊಳ್ಳೋಣ. ತಿಂಗಳಿಗೆ ಕಿಲೋಗೆ 60 ರೂಪಾಯಿಯಂತೆ 10,000 ಕಿಲೋ ಉಕ್ಕಿನ ಷೀಟ್ ಬಳಸಿ, ತಲಾ 200 ಗ್ರಾಂ ತೂಗುವ 40,000 ಬ್ರಾಕೆಟ್‌ಗಳನ್ನು ಒತ್ತಿ ತೆಗೆಯುತ್ತಾರೆ. ಬ್ರಾಕೆಟ್‌ಗಳಲ್ಲಿ 8,000 ಕಿಲೋ ಹೋಗಿ, ಅಂಚುಗಳೂ ತೂತು ಬಿದ್ದ ಪಟ್ಟಿಗಳೂ ಸೇರಿ 2,000 ಕಿಲೋ ಗುಜರಿ ಉಳಿಯುತ್ತದೆ. ಗುಜರಿಯವರು ಕಿಲೋಗೆ 32 ರೂಪಾಯಿ ಕೊಡುತ್ತಾರೆ. ಲೋಡಿಂಗ್ ಮತ್ತು ಸಾಗಣೆಗೆ ಕಾರ್ಖಾನೆಯ ಕೈಯಿಂದ 2 ರೂಪಾಯಿ ಹೋಗುವುದರಿಂದ ನಿವ್ವಳ ದರ 30 ರೂಪಾಯಿ, ಒಟ್ಟು 60,000 ರೂಪಾಯಿ. ಗುಜರಿಯ ಮೇಲೆ ವಸೂಲಿ ಮಾಡುವ ಜಿಎಸ್‌ಟಿ ಸರ್ಕಾರದ ಹಣವಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ.

ಷೀಟಿಗೆ 6,00,000, ಕೂಲಿ, ವಿದ್ಯುತ್ ಮುಂತಾದ ತಯಾರಿಕಾ ವೆಚ್ಚ 2,00,000. ಗುಜರಿಯನ್ನು ಕಳೆಯದಿದ್ದರೆ ಒಂದು ಬ್ರಾಕೆಟ್ಟಿನ ವೆಚ್ಚ 20 ರೂಪಾಯಿ, ಕಳೆದರೆ 18.50. ಆ ತಿಂಗಳು 30,000 ಬ್ರಾಕೆಟ್‌ಗಳು 25 ರೂಪಾಯಿಯಂತೆ ಮಾರಾಟವಾದವು, 10,000 ಉಳಿದವು ಎನ್ನೋಣ. ಮೊದಲ ವಿಧಾನದಲ್ಲಿ ಮಾರಾಟದ ಲಾಭ 1,50,000. ಅದಕ್ಕೆ ಗುಜರಿಯ 60,000 ಸೇರಿಸಿದರೆ 2,10,000. ಎರಡನೆಯ ವಿಧಾನದಲ್ಲಿ ಲಾಭ 1,95,000 ಮಾತ್ರ. ವ್ಯತ್ಯಾಸದ 15,000 ರೂಪಾಯಿ ಕುಳಿತಿರುವುದು ಗೋದಾಮಿನಲ್ಲಿ: ಮಾರಾಟವಾಗದ 10,000 ಬ್ರಾಕೆಟ್‌ಗಳ ಪಾಲಿನ ಗುಜರಿ ಉಳಿತಾಯವನ್ನು ಮೊದಲ ವಿಧಾನವು ಈಗಲೇ ಲಾಭವೆಂದು ಎಣಿಸಿಬಿಟ್ಟಿದೆ. ಮುಂದಿನ ತಿಂಗಳು ಅವೂ ಮಾರಾಟವಾದಾಗ ಎರಡೂ ವಿಧಾನಗಳ ಒಟ್ಟು ಲಾಭ ಸಮನಾಗುತ್ತದೆ. ಕೊನೆಯ ದಾಸ್ತಾನು ಇಲ್ಲದ ಕಾರ್ಖಾನೆಯಲ್ಲಿ ಈ ವಾದಕ್ಕೆ ಲಾಭದ ದೃಷ್ಟಿಯಿಂದ ಅರ್ಥವೇ ಇಲ್ಲ.

ನಮ್ಮ ದೇಶದ ಲೆಕ್ಕಪತ್ರ ಮಾನದಂಡ 2 ಹೇಳುವುದೂ ಇದನ್ನೇ: ಉಪಉತ್ಪನ್ನ, ಗುಜರಿ ಮತ್ತು ತ್ಯಾಜ್ಯ ಸಾಮಾನ್ಯವಾಗಿ ಅಲ್ಪ ಮೌಲ್ಯದವಾಗಿರುವುದರಿಂದ, ಅವುಗಳನ್ನು ಹೆಚ್ಚಾಗಿ ನಿವ್ವಳ ಮಾರಾಟ ಮೌಲ್ಯದಲ್ಲಿ ಅಳೆದು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಲಾಗುತ್ತದೆ. ಆದರೆ ಕಂಪನಿ ಕಾಯ್ದೆ 2013ರ ಮೂರನೆಯ ಅನುಸೂಚಿಯ ನಮೂನೆಯಲ್ಲಿ, ತಯಾರಿಕೆಯಿಂದಲೇ ಹುಟ್ಟಿದ ಗುಜರಿಯ ಮಾರಾಟವನ್ನು ‘ಇತರೆ ಕಾರ್ಯಾಚರಣಾ ಆದಾಯ’ ಎಂದು ತೋರಿಸುವ ರೂಢಿಯಿದೆ. ಬಡ್ಡಿ ಮೊದಲಾದವು ಸೇರುವ ‘ಇತರೆ ಆದಾಯ’ಕ್ಕೆ ಅದನ್ನು ಹಾಕುವುದಿಲ್ಲ. ಎರಡೂ ಹೇಗೆ ಹೊಂದುತ್ತವೆ? ಆದಾಯ 7,50,000 ಮತ್ತು 60,000. ವೆಚ್ಚ 6,00,000 ಮತ್ತು 2,00,000. ಕೊನೆಯ ದಾಸ್ತಾನನ್ನು 18.50ರಂತೆ 1,85,000 ಎಂದು ಹಿಡಿಯಿರಿ. ಲಾಭ ಮತ್ತೆ 1,95,000. ಸಾಲು ಬದಲಾಯಿತು, ಲಾಭ ಬದಲಾಗಲಿಲ್ಲ. ಅದೇ 60,000ವನ್ನು ಷೀಟಿನ ಬಳಕೆಯಲ್ಲೂ ಕಳೆದರೆ ಮಾತ್ರ ಎರಡು ಬಾರಿ ಎಣಿಸಿದಂತಾಗುತ್ತದೆ.

ತೊಂದರೆ ಹೆಚ್ಚಾಗಿ ಕಾಲದ ವಿಷಯದಲ್ಲಿ ಬರುತ್ತದೆ. ಗುಜರಿ ಪ್ರತಿದಿನ ಹುಟ್ಟುತ್ತದೆ, ಲಾರಿ ಬರುವುದು ಎರಡು ಮೂರು ತಿಂಗಳಿಗೊಮ್ಮೆ. ಮಾರಿದ ದಿನವೇ ವೆಚ್ಚದಿಂದ ಕಳೆದರೆ, ಆ ತಿಂಗಳ ಬ್ರಾಕೆಟ್ ಕಾರಣವಿಲ್ಲದೆ ಅಗ್ಗವಾಗಿ ಕಾಣುತ್ತದೆ. ಆದ್ದರಿಂದ ಗುಜರಿ ಹುಟ್ಟಿದಾಗಲೇ ತೂಗಿ, ಗುಜರಿ ದಾಸ್ತಾನು ಖಾತೆಗೆ ಡೆಬಿಟ್, ತಯಾರಿಕೆಯಲ್ಲಿರುವ ಸರಕಿನ ಖಾತೆಗೆ ಕ್ರೆಡಿಟ್ ಮಾಡುವುದು ಸರಿಯಾದ ದಾರಿ. ಇದರಿಂದ ಇನ್ನೊಂದು ಪ್ರಯೋಜನವಿದೆ: ಷೀಟಿನ ತೂಕದಿಂದ ಬ್ರಾಕೆಟ್‌ಗಳ ತೂಕ ಕಳೆದಾಗ 2,000 ಕಿಲೋ ಬರಬೇಕಾದಲ್ಲಿ ವೇಬ್ರಿಡ್ಜ್ ಚೀಟಿಗಳೂ ಅಂಗಳದಲ್ಲಿ ಉಳಿದದ್ದೂ ಸೇರಿ 1,700 ಮಾತ್ರ ಇದ್ದರೆ, 300 ಕಿಲೋ ಗೇಟಿನಿಂದ ಆಚೆ ಹೋದದ್ದು ಅಲ್ಲಿಯೇ ಗೊತ್ತಾಗುತ್ತದೆ, ಅಥವಾ ಬ್ರಾಕೆಟ್ಟಿನ ತೂಕವೇ ತಪ್ಪಾಗಿದೆ. ಇತರೆ ಆದಾಯವೆಂದು ನೇರವಾಗಿ ಬರೆದುಕೊಳ್ಳುವ ಕಡೆ ಈ ತಾಳೆಯನ್ನು ಯಾರೂ ನೋಡುವುದಿಲ್ಲ.

ಎಲ್ಲ ಗುಜರಿಗೂ ಒಂದೇ ನಿಯಮ ಸಲ್ಲದು. ಡೈ ಸರಿದು 1,000 ಬ್ರಾಕೆಟ್‌ಗಳು ಕೆಟ್ಟರೆ ಅದು ಅಸಹಜ ನಷ್ಟ: 18,500 ರೂಪಾಯಿ ವೆಚ್ಚದಿಂದ ಅವುಗಳ 200 ಕಿಲೋ ಗುಜರಿಯ 6,000 ಕಳೆದು, ಉಳಿದ 12,500ವನ್ನು ನೇರವಾಗಿ ಲಾಭ-ನಷ್ಟಕ್ಕೆ ಒಯ್ಯಬೇಕು. ಆ 6,000ವನ್ನು ಒಳ್ಳೆಯ ಬ್ರಾಕೆಟ್‌ಗಳ ವೆಚ್ಚದಿಂದ ಕಳೆದರೆ ಡೈ ಸರಿದ ತಪ್ಪು ಅಷ್ಟರಮಟ್ಟಿಗೆ ಮುಚ್ಚಿಹೋಗುತ್ತದೆ. ಹಳೆಯ ಲೇಥ್ ಯಂತ್ರವನ್ನು ತೂಕಕ್ಕೆ ಮಾರಿದರೂ ಅದು ಉತ್ಪಾದನೆಯ ಗುಜರಿಯಲ್ಲ, ಆಸ್ತಿಯ ವಿಲೇವಾರಿ.

ಉಪಉತ್ಪನ್ನದಲ್ಲಿ ‘ಅಲ್ಪ ಮೌಲ್ಯ’ ಎಂಬ ಷರತ್ತನ್ನೇ ಮೊದಲು ನೋಡಬೇಕು. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿಯೂ ಬರುತ್ತದೆ, ಕಬ್ಬಿನ ಸಿಪ್ಪೆಯೂ ಬರುತ್ತದೆ. ಕಾಕಂಬಿ ಡಿಸ್ಟಿಲರಿಗೆ ಹೋಗಿ ದೊಡ್ಡ ಮೊತ್ತ ತರುವಲ್ಲಿ ಅದನ್ನು ಬರೀ ವೆಚ್ಚದ ಕಡಿತವೆಂದು ಕಾಣಲಾಗದು. ಅದು ಜೋಡಿ ಉತ್ಪನ್ನವಾಗುವಷ್ಟು ದೊಡ್ಡದಾದಾಗ, ಕಬ್ಬಿನ ವೆಚ್ಚವನ್ನೇ ಎರಡಕ್ಕೂ ಹಂಚಬೇಕಾಗುತ್ತದೆ.