ಆಹ್ವಾನ ಒಪ್ಪಿದ ಮೇಲೂ ಯೂಟ್ಯೂಬ್ ಚಾನೆಲ್ ಕೈಗೆ ಬಂದಿಲ್ಲ ಅಂದರೆ

ಯೂಟ್ಯೂಬ್ ಚಾನೆಲ್‌ಗಳ ತಾಂತ್ರಿಕ ಕೆಲಸ ನೋಡಿಕೊಳ್ಳುವ ನನಗೆ ಒಂದೇ ತರಹದ ಕರೆ ಮತ್ತೆ ಮತ್ತೆ ಬರುತ್ತದೆ. "ಚಾನೆಲ್ ಬೇರೆಯವರಿಗೆ ಒಪ್ಪಿಸಲು ಆಹ್ವಾನ ಕಳಿಸಾಯ್ತು, ಅವರೂ ಒಪ್ಪಿಕೊಂಡರು. ಆದರೆ ಚಾನೆಲ್‌ನಲ್ಲಿ ಏನೂ ಬದಲಾಗಿಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅನ್ಸುತ್ತೆ, ತೆಗೆದು ಮತ್ತೆ ಕಳಿಸಲಾ?" ದಯವಿಟ್ಟು ಕಳಿಸಬೇಡಿ. ಅದು ಸಿಕ್ಕಿಹಾಕಿಕೊಂಡಿಲ್ಲ. ನಡೆಯಬೇಕಾದ ಹಾಗೇ ನಡೆಯುತ್ತಿದೆ.

ನಾನು ಹೇಳುತ್ತಿರುವುದು ಬ್ರ್ಯಾಂಡ್ ಅಕೌಂಟ್‌ಗೆ, ಅಂದರೆ ಹಲವರು ಸೇರಿ ನೋಡಿಕೊಳ್ಳಬಹುದಾದ ಗೂಗಲ್ ಖಾತೆಗೆ, ಸೇರಿದ ಚಾನೆಲ್‌ಗಳ ಬಗ್ಗೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ `myaccount.google.com/brandaccounts` ತೆರೆದು ನೋಡಿ. ಅಲ್ಲಿ ಚಾನೆಲ್ ಹೆಸರು ಕಂಡರೆ ದಾರಿ ಸುಲಭ. ಕಾಣದಿದ್ದರೆ ಅದು ನಿಮ್ಮ ಖಾಸಗಿ ಗೂಗಲ್ ಖಾತೆಗೇ ಅಂಟಿಕೊಂಡಿರುವ ಚಾನೆಲ್ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಮೊದಲು ಬ್ರ್ಯಾಂಡ್ ಅಕೌಂಟ್‌ಗೆ ಸಾಗಿಸಬೇಕು. ಆ ಹಂತದಲ್ಲಿ ಒಂದು ಎಚ್ಚರ: ನೀವು ಆರಿಸುವ ಬ್ರ್ಯಾಂಡ್ ಅಕೌಂಟ್‌ನಲ್ಲಿ ಈಗಾಗಲೇ ಬೇರೊಂದು ಚಾನೆಲ್ ಇದ್ದರೆ, ಆ ಚಾನೆಲ್ ಅಳಿಸಿಹೋಗುತ್ತದೆ. ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ಪೂರ್ತಿ ಓದದೆ ಮುಂದೆ ಒತ್ತಬೇಡಿ.

ಈಗ ಮುಖ್ಯ ವಿಷಯ. ಬ್ರ್ಯಾಂಡ್ ಅಕೌಂಟ್‌ನಲ್ಲಿ `Owner` ಮತ್ತು `Primary owner` ಎರಡೂ ಬೇರೆ ಬೇರೆ. ಜನ ಎಡವುವುದು ಇಲ್ಲೇ. `Owner` ಒಬ್ಬರಿಗಿಂತ ಹೆಚ್ಚು ಜನ ಇರಬಹುದು. ಅವರು ಹೆಚ್ಚುಕಡಿಮೆ ಎಲ್ಲ ಕೆಲಸ ಮಾಡಬಹುದು, ಬೇರೆಯವರನ್ನು ಸೇರಿಸಬಹುದು, ತೆಗೆಯಬಹುದು. ಆದರೆ `Primary owner` ಒಬ್ಬರೇ. ಆ ಸ್ಥಾನ ಬದಲಾಗುವವರೆಗೆ ಚಾನೆಲ್ ಕೈ ಬದಲಾಯಿಸಿಲ್ಲ. ಹೊಸಬರು ಅಲ್ಲಿಗೆ ನೇರವಾಗಿ ಬರುವಂತಿಲ್ಲ. ಮೊದಲು `Owner` ಆಗಿ ಆಹ್ವಾನ ಒಪ್ಪಬೇಕು, ಆ ಹುದ್ದೆಯಲ್ಲಿ ಏಳು ದಿನ ಕಳೆಯಬೇಕು. ಆಮೇಲಷ್ಟೇ ಅವರ ಹೆಸರಿನ ಮುಂದಿನ ಪಟ್ಟಿಯಲ್ಲಿ `Primary owner` ಆರಿಸಲು ಬರುತ್ತದೆ.

ಈ ಏಳು ದಿನ ಎಲ್ಲಿಂದ ಶುರು? ನೀವು ಆಹ್ವಾನ ಕಳಿಸಿದ ದಿನದಿಂದ ಅಲ್ಲ. ಅವರು ಒಪ್ಪಿ `Owner` ಆದ ಗಳಿಗೆಯಿಂದ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೇಲ್ ನೋಡದೆ ಹಾಗೇ ಬಿಟ್ಟಿದ್ದರೆ ಎಣಿಕೆ ಶುರುವೇ ಆಗಿರುವುದಿಲ್ಲ. ಹಾಗೆಯೇ ಅವರನ್ನು ತೆಗೆದು ಮತ್ತೆ ಸೇರಿಸಿದರೆ ಅವರು ಮತ್ತೆ ಹೊಸ `Owner`. ಎಣಿಕೆ ಮತ್ತೆ ಒಂದರಿಂದ.

ಒಬ್ಬ ಮೇಡಂ ಗಣಿತ ಪಾಠದ ಚಾನೆಲ್ ನಡೆಸುತ್ತಿದ್ದರು. ಅದನ್ನು ತಮ್ಮ ಹಳೆಯ ವಿದ್ಯಾರ್ಥಿಗೆ ಕೊಡಲು ನಿರ್ಧರಿಸಿದರು. 3ನೇ ತಾರೀಖು ಆಹ್ವಾನ ಹೋಯಿತು. ಹುಡುಗ 5ನೇ ತಾರೀಖು ಒಪ್ಪಿದ. ಮೇಡಂ ಲೆಕ್ಕದಲ್ಲಿ 10ಕ್ಕೆ ಏಳು ದಿನ ಮುಗಿದಿತ್ತು, ಯಾಕೆಂದರೆ ಅವರು 3ರಿಂದ ಎಣಿಸಿದ್ದರು. 11ರ ಬೆಳಿಗ್ಗೆ ನೋಡಿದರೆ ಬದಲಾಯಿಸಲು ಬರುತ್ತಿಲ್ಲ. ಗಾಬರಿಯಾಗಿ ಹುಡುಗನನ್ನು ತೆಗೆದುಹಾಕಿದರು, ಮತ್ತೆ ಆಹ್ವಾನ ಕಳಿಸಿದರು. ಅವನು ಅವತ್ತೇ ಒಪ್ಪಿದ. ಸುಮ್ನೆ ಬಿಟ್ಟಿದ್ದರೆ 13ಕ್ಕೆ ಕೆಲಸ ಮುಗಿಯುತ್ತಿತ್ತು. ಈಗ 19ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅವರಿಗೆ ಅನುಮಾನ ಬೇರೆ: "ನಾನೇ ಏನೋ ಕೆಡಿಸಿಬಿಟ್ಟೆನಾ?" ಏನೂ ಕೆಟ್ಟಿರಲಿಲ್ಲ ಪಾಪ. ತಮ್ಮ ಕೈಯಿಂದ ಕಟ್ಟಿ ಬೆಳೆಸಿದ್ದನ್ನು ಜೋಪಾನವಾಗಿ ಒಪ್ಪಿಸಬೇಕು ಅನ್ನುವ ಆತುರ, ಅಷ್ಟೇ. 12, 18 ಅನ್ನದೆ 13, 19 ಅಂದದ್ದು ಯಾಕೆಂದರೆ, ನಾನು ಸಾಮಾನ್ಯವಾಗಿ ಒಂದು ದಿನ ಹೆಚ್ಚಿಗೆ ಬಿಟ್ಟು ನೋಡಿ ಅನ್ನುತ್ತೇನೆ. ಒಪ್ಪಿದ್ದು ಸಂಜೆಯಾಗಿದ್ದರೆ ಏಳನೇ ದಿನ ಬೆಳಿಗ್ಗೆ ಕಾಲ ತುಂಬಿರುವುದಿಲ್ಲ, ಅಲ್ವಾ?

ಇನ್ನು ಆ ದಿನಗಳಲ್ಲಿ ಚಾನೆಲ್ ಏನು ತೋರಿಸುತ್ತದೆ? ಹೊರಗಿನವರಿಗೆ ಏನೂ ಇಲ್ಲ. ಹಸ್ತಾಂತರ ನಡೆಯುತ್ತಿದೆ ಅನ್ನುವ ಫಲಕ ಬರುವುದಿಲ್ಲ, ಚಂದಾದಾರರಿಗೆ ಸೂಚನೆ ಹೋಗುವುದಿಲ್ಲ. ಹೆಸರು, ಹ್ಯಾಂಡಲ್, ವಿಡಿಯೊ, ವೀಕ್ಷಣೆ ಎಲ್ಲ ಇದ್ದ ಹಾಗೇ ಇರುತ್ತವೆ. ವಿಡಿಯೊ ಹಾಕುವುದನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಸ್ಥಿತಿ ಕಾಣುವುದು ಒಂದೇ ಜಾಗದಲ್ಲಿ, ಬ್ರ್ಯಾಂಡ್ ಅಕೌಂಟ್ ಒಳಗಿನ `Manage permissions` ಪಟ್ಟಿಯಲ್ಲಿ. ಒಪ್ಪುವ ಮುಂಚೆ ಆ ಹೆಸರು ಬರೀ ಆಹ್ವಾನದ ಸ್ಥಿತಿಯಲ್ಲಿ ಇರುತ್ತದೆ. ಒಪ್ಪಿದ ಮೇಲೆ `Owner`. ಎರಡನೇ ದಿನವೂ `Owner`, ಆರನೇ ದಿನವೂ `Owner`. ಇನ್ನೆಷ್ಟು ದಿನ ಬಾಕಿ ಅಂತ ಆ ಸಾಲಿನಲ್ಲಿ ಹುಡುಕಬೇಡಿ. ಒಪ್ಪಿದ ದಿನ, ಹೊತ್ತು ಎರಡನ್ನೂ ನೀವೇ ಬರೆದಿಟ್ಟುಕೊಳ್ಳಿ.

ಕೆಲವರು ಯೂಟ್ಯೂಬ್ ಸ್ಟುಡಿಯೊದ `Permissions` ಪುಟದಲ್ಲಿ ಹುಡುಕುತ್ತಾರೆ. ಅಲ್ಲಿ ಮ್ಯಾನೇಜರ್, ಎಡಿಟರ್, ವ್ಯೂವರ್ ಇಂಥ ಹುದ್ದೆಗಳನ್ನು ಕೊಡಬಹುದು. ಮಾಲೀಕತ್ವ ಕೊಡುವ ಜಾಗ ಅದಲ್ಲ. ಅಲ್ಲಿ ಯಾರನ್ನೋ ಮ್ಯಾನೇಜರ್ ಮಾಡಿ ಒಂದು ವರ್ಷ ಕಾದರೂ ಅವರು ಮಾಲೀಕರಾಗುವುದಿಲ್ಲ. ನಿಮ್ಮ ಚಾನೆಲ್ ಈಗಾಗಲೇ ಸ್ಟುಡಿಯೊ ಅನುಮತಿಗಳಿಗೆ ಬದಲಾಗಿದ್ದರೆ, ಮೊದಲು ಅದರಿಂದ ಹೊರಬಂದು ಬ್ರ್ಯಾಂಡ್ ಅಕೌಂಟ್ ಪಟ್ಟಿಗೆ ಹೋಗಬೇಕಾಗಬಹುದು.

ಈ ಕಾಯುವಿಕೆಯನ್ನು ನಾನು ಬೈಯುವುದಿಲ್ಲ. ಯಾರಾದರೂ ನಿಮ್ಮ ಖಾತೆಗೆ ನುಗ್ಗಿ ತಮ್ಮನ್ನು `Owner` ಮಾಡಿಕೊಂಡರು ಅಂದುಕೊಳ್ಳಿ. ಅದೇ ಗಳಿಗೆಯಲ್ಲಿ ಚಾನೆಲ್ ಪೂರ್ತಿ ಅವರದಾಗದಂತೆ ಈ ಏಳು ದಿನ ತಡೆಯುತ್ತದೆ. ನೀವು ಪಟ್ಟಿ ನೋಡಿ ಅವರನ್ನು ಹೊರಹಾಕಲು ಸಮಯ ಸಿಗುತ್ತದೆ. ಅದಕ್ಕೇ, ಕಾಯಲಾರದೆ ಪಾಸ್‌ವರ್ಡ್ ಹಂಚಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪಾಸ್‌ವರ್ಡ್ ಜೊತೆ ನಿಮ್ಮ ಮೇಲ್, ಫೋಟೊ, ಎಲ್ಲ ಹೋಗುತ್ತದೆ. ಮಾಲೀಕತ್ವ ಮಾತ್ರ ಹೋಗುವುದಿಲ್ಲ.

ಏಳು ದಿನ ಕಳೆದ ಮೇಲೆ ಈಗಿನ `Primary owner` ತಾವೇ ಒಳಗೆ ಹೋಗಿ ಬದಲಾಯಿಸಬೇಕು. ತಾನಾಗಿಯೇ ಆಗುವುದಿಲ್ಲ. ಬದಲಾಯಿಸಿದ ಕೂಡಲೇ ಹಳಬರು ಬರೀ `Owner` ಆಗುತ್ತಾರೆ, ಪಟ್ಟಿಯಿಂದ ಹೋಗಿರುವುದಿಲ್ಲ. ಅವರನ್ನು ತೆಗೆಯುವುದೋ ಇಟ್ಟುಕೊಳ್ಳುವುದೋ ಹೊಸಬರ ಕೈಯಲ್ಲಿ. ಒಂದು ವಾರವಾದರೂ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಹಳೆಯ ವಿಡಿಯೊ ಬಗ್ಗೆ ಏನಾದರೂ ತಕರಾರು ಬಂದರೆ ಅದರ ಹಿನ್ನೆಲೆ ಗೊತ್ತಿರುವುದು ಅವರಿಗೇ. ಕಾಪಿರೈಟ್ ಸ್ಟ್ರೈಕ್ ಇದ್ದರೆ ಅದು ಚಾನೆಲ್ ಜೊತೆಗೇ ಬರುತ್ತದೆ, ಹೊಸ ಮಾಲೀಕರು ಬಂದರು ಅಂತ ಅಳಿಸುವುದಿಲ್ಲ.

ಹಣದ ವಿಷಯ ಪೂರ್ತಿ ಬೇರೆ. ಚಾನೆಲ್‌ಗೆ ಜೋಡಿಸಿದ ಆಡ್‌ಸೆನ್ಸ್ ಖಾತೆ ಮಾಲೀಕತ್ವದ ಜೊತೆ ಬದಲಾಗುವುದಿಲ್ಲ. ಆ ಖಾತೆಯನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲೂ ಬರುವುದಿಲ್ಲ. ಹೊಸಬರು ತಮ್ಮದೇ ಖಾತೆ ಮಾಡಿಕೊಂಡು ಸ್ಟುಡಿಯೊದಲ್ಲಿ ಜೋಡಿಸಬೇಕು. ಅಲ್ಲಿವರೆಗೆ ಆದಾಯ ಹಳಬರ ಖಾತೆಗೇ ಹೋಗುತ್ತಿರುತ್ತದೆ. ಆಡ್‌ಸೆನ್ಸ್ ಜೋಡಣೆಯನ್ನು 32 ದಿನಕ್ಕೆ ಒಮ್ಮೆ ಮಾತ್ರ ಬದಲಾಯಿಸಬಹುದು. ಹಾಗಾಗಿ ಪ್ರಯೋಗ ಮಾಡಿ ನೋಡೋಣ ಅಂತ ಬೇರೆ ಯಾರದೋ ಖಾತೆ ಜೋಡಿಸಬೇಡಿ. ನಿಮ್ಮ ಒಪ್ಪಂದದಲ್ಲಿ ಹಣದ ಮಾತಿದ್ದರೆ, ಜೋಡಣೆ ಬದಲಾಗುವ ಮುಂಚಿನ ಗಳಿಕೆ ಯಾರದು ಅಂತ ಮೊದಲೇ ಬರೆದುಕೊಳ್ಳಿ. ಮೊತ್ತ ದೊಡ್ಡದಾಗಿದ್ದರೆ ವಕೀಲರ ಹತ್ತಿರ ಹೋಗಿ, ಆ ಭಾಗಕ್ಕೆ ನನ್ನ ಮಾತು ಸಾಕಾಗುವುದಿಲ್ಲ.